ಪ್ಲ್ಯಾನ್ ಬದಲಾದರೆ ಏನೇನು ತೆರೆಯುತ್ತದೆ: ಹೊಸ ಟೀಮ್ ಲೀಡ್‌ಗೆ

ನಮಸ್ಕಾರ್ರಿ ಮೇಡಮ್,

ಕಲಬುರಗಿಯ 34, ಬೀದರ್‌ನ 8, ಒಟ್ಟು 42 ಗಿಟ್‌ಹಬ್ ಸೀಟುಗಳು ಸೋಮವಾರದಿಂದ ನಿಮ್ಮ ಕೈಗೆ ಬರುತ್ತವೆ. ಎಲ್ಲರೂ ಮೊದಲು ಕೇಳೋದು ಒಂದೇ: "ನಾನು ಅಡ್ಮಿನ್, ಆದರೂ ಎಸ್‌ಎಸ್‌ಒ ಆನ್ ಆಗವಲ್ದು, ಯಾಕ್ರಿ?" ಎಸ್‌ಎಸ್‌ಒ ಅಂದರೆ ಕಂಪನಿಯ ಒಂದೇ ಲಾಗಿನ್‌ನಿಂದ ಎಲ್ಲ ಕಡೆ ಒಳಗೆ ಹೋಗೋದು. ಅಡ್ಮಿನ್ ಹಕ್ಕು ಬೇರೆ, ಪ್ಲ್ಯಾನ್ ಬೇರೆ. ಪ್ಲ್ಯಾನ್‌ನಲ್ಲಿ ಇಲ್ಲದ್ದನ್ನು ಓನರ್ ಕೂಡ ತೆರೆಯಲಾರರು.

ನಮ್ಮ ಗಿಟ್‌ಹಬ್ ಈಗ ಟೀಮ್ ಪ್ಲ್ಯಾನ್‌ನಲ್ಲಿದೆ. ಸ್ಯಾಮಲ್ ಎಸ್‌ಎಸ್‌ಒ ಬೇಕೆಂದರೆ ಎಂಟರ್‌ಪ್ರೈಸ್ ಕ್ಲೌಡ್‌ಗೆ ಹೋಗಬೇಕು. ಐದು ಜನರಿಗಷ್ಟೇ ಸಾಕು ಅನ್ನುವ ಹಾಗಿಲ್ಲ, 42 ಸೀಟಿಗೂ ಹೊಸ ದರವೇ. ಸ್ಲ್ಯಾಕ್‌ನಲ್ಲಿ ಸ್ಯಾಮಲ್ ಸಿಗೋದು ಬಿಸಿನೆಸ್ ಪ್ಲಸ್‌ನಿಂದ ಮೇಲೆ. ಆದರೆ ಅಲ್ಲಿನ ಆಡಿಟ್ ಲಾಗ್ಸ್ ಎಪಿಐ ಎಂಟರ್‌ಪ್ರೈಸ್‌ನವರಿಗೆ ಮಾತ್ರ. ಎರಡೂ ಒಂದೇ ಮೆಟ್ಟಿಲಲ್ಲಿ ಸಿಗುತ್ತವೆಂದು ಮ್ಯಾನೇಜರ್‌ಗೆ ಹೇಳಿಬಿಡಬೇಡಿ.

ಪ್ಲ್ಯಾನ್ ಏರಿಸಿದ ದಿನವೇ ಗಿಟ್‌ಹಬ್‌ನಲ್ಲಿ ಎಸ್‌ಎಸ್‌ಒ ಕಡ್ಡಾಯ ಮಾಡಬೇಡಿ. ಕಡ್ಡಾಯ ಮಾಡಿದ ಕ್ಷಣಕ್ಕೆ, ಅಷ್ಟರೊಳಗೆ ಎಸ್‌ಎಸ್‌ಒ ಮೂಲಕ ಖಾತೆ ಜೋಡಿಸಿಕೊಳ್ಳದ ಸದಸ್ಯರು ಆರ್ಗನೈಸೇಶನ್‌ನಿಂದಲೇ ಹೊರಬೀಳುತ್ತಾರೆ. ಮೊದಲು ಕಡ್ಡಾಯವಿಲ್ಲದೆ ಆನ್ ಮಾಡಿ, ಎಲ್ಲರೂ ಒಮ್ಮೆ ಲಾಗಿನ್ ಆಗಲಿ. ರಿಕವರಿ ಕೋಡ್‌ಗಳನ್ನು ಇಳಿಸಿಕೊಂಡು ಎಸ್‌ಎಸ್‌ಒ ಬೇಡದ ಜಾಗದಲ್ಲಿಡಿ. ಸ್ಯಾಮಲ್ ಸರ್ಟಿಫಿಕೇಟ್ ಅವಧಿ ಮುಗಿದ ದಿನ ಒಳಗೆ ಹೋಗಲು ಅವೇ ದಾರಿ. ಹಳೆಯ ಟೋಕನ್, ಎಸ್‌ಎಸ್‌ಎಚ್ ಕೀಗಳಿಗೂ ಎಸ್‌ಎಸ್‌ಒ ಅನುಮತಿ ಬೇರೆಯಾಗಿ ಕೊಡಬೇಕು. ಇಲ್ಲದಿದ್ದರೆ ರಾತ್ರಿಯ ಬಿಲ್ಡ್ ನಿಂತಿರುತ್ತದೆ, ಎಲ್ಲರೂ ನೆಟ್‌ವರ್ಕ್ ಬೈಯುತ್ತಾರೆ. ಹೊರಗಿನ ಗುತ್ತಿಗೆಯವರನ್ನು ಔಟ್‌ಸೈಡ್ ಕೊಲ್ಯಾಬೊರೇಟರ್ ಆಗಿ ಸೇರಿಸಿದ್ದರೆ ಎಸ್‌ಎಸ್‌ಒ ಅವರನ್ನು ತಡೆಯುವುದಿಲ್ಲ. ಆ ಪಟ್ಟಿಯನ್ನು ಕೈಯಾರೆ ನೋಡಬೇಕು.

ಆಡಿಟ್ ಲಾಗ್ ಈಗಿನ ಪ್ಲ್ಯಾನ್‌ನಲ್ಲೂ ತೆರೆದು ನೋಡಬಹುದು: ಯಾರನ್ನು ಸೇರಿಸಿದರು, ಯಾರ ಪಾತ್ರ ಬದಲಾಯಿತು, ಎಲ್ಲಾ 180 ದಿನಗಳವರೆಗೆ. ಆದರೆ ಯಾರು ಕ್ಲೋನ್ ಮಾಡಿದರು, ಪುಶ್ ಮಾಡಿದರು ಎಂಬ ಗಿಟ್ ಘಟನೆಗಳು ಎಂಟರ್‌ಪ್ರೈಸ್ ಕ್ಲೌಡ್‌ನಲ್ಲಿ ಮಾತ್ರ, ಅದೂ 7 ದಿನವಷ್ಟೇ ಉಳಿಯುತ್ತವೆ. ಕೆಲಸ ಬಿಟ್ಟವರ ಬಗ್ಗೆ ಹತ್ತನೇ ದಿನ ಹುಡುಕಹೊರಟರೆ ಅಲ್ಲಿ ಏನೂ ಇರೋದಿಲ್ಲ. ಹಾಗಾಗಿ ಲಾಗ್ ಸ್ಟ್ರೀಮಿಂಗ್‌ನ್ನು ಪ್ಲ್ಯಾನ್ ಏರಿಸಿದ ಮೊದಲ ವಾರದಲ್ಲೇ ನಮ್ಮ ಸ್ಟೋರೇಜ್‌ಗೆ ತಿರುಗಿಸಿ. ಇದೂ ಅದೇ ಪ್ಲ್ಯಾನ್‌ನ ಸೌಲಭ್ಯ. ನನ್ನ ಲೆಕ್ಕದಲ್ಲಿ ಎಸ್‌ಎಸ್‌ಒಗಿಂತ ಇದಕ್ಕೇ ಹೆಚ್ಚು ಬೆಲೆ.

ಎರಡು ಹಂತದ ದೃಢೀಕರಣಕ್ಕೆ, ಅಂದರೆ ಟೂ ಫ್ಯಾಕ್ಟರ್‌ಗೆ, ಪ್ಲ್ಯಾನ್ ಏರಿಸಬೇಕಿಲ್ಲ. ಈಗಲೇ ಕಡ್ಡಾಯ ಮಾಡಬಹುದು, ಮೂರು ದಿನ ಮೊದಲು ಹೇಳಿ ಮಾಡಿ.

ಬೀದರ್‌ನಲ್ಲಿ ಬಿಟ್ಟುಹೋದ ಇಬ್ಬರ ಹೆಸರು ಇನ್ನೂ ಸದಸ್ಯರ ಪಟ್ಟಿಯಲ್ಲಿವೆ. ತೆಗೆದುಹಾಕಿದ ಮೇಲೆ ಬಿಲ್ಲಿಂಗ್ ಪುಟದಲ್ಲಿ ಸೀಟುಗಳ ಸಂಖ್ಯೆಯನ್ನೂ 40ಕ್ಕೆ ಇಳಿಸಿ, ಅದು ತಾನಾಗಿ ಇಳಿಯೋದಿಲ್ಲ. ಮೇಲಿನ ಪ್ಲ್ಯಾನ್‌ನ ದರಪಟ್ಟಿ ಕೇಳೋದು ಆಮೇಲೆ.