ದೀಪಾವಳಿ ಗದ್ದಲಕ್ಕ ಮೊದಲು: ಅಂಗಡಿ ಮಂದಿ ಜೋಡಿ ಕಾಲ್ ತಾಸಿನ ಮಾತು

(ಬಾಗಲಕೋಟೆ ನವನಗರದ ಮೂರು ಮಾಳಿಗಿ ಅರಬಿ ಅಂಗಡಿ. ಮುಂಜಾನೆ ಒಂಬತ್ತೂವರೆ, ಶಟರ್ ಇನ್ನೂ ಅರ್ಧಾ ಇಳಿದೈತಿ. ಮ್ಯಾನೇಜರ್ ಮಾತಾಡಿದ್ದು.)

ಎಲ್ಲಾರೂ ಬಂದ್ರೇನು? ಗೋದಾಮಿನ ಹುಡುಗ್ರನ್ನೂ ಕರೀರಿ. ಚಾ ಕುಡಕೋತ ಕೇಳ್ರಿ, ನಡಬರಕ ಎದ್ದು ಹೋಗಬ್ಯಾಡ್ರಿ.

ನಾಳಿಯಿಂದ ಪಾಡ್ಯದ ತನಕ ಮುಂಜಾನೆ ಒಂಬತ್ತಕ್ಕ ತಗೀತೀವಿ, ರಾತ್ರಿ ಹತ್ತಕ್ಕ ಮುಚ್ಚತೀವಿ. ಅಮವಾಸಿ ದಿನ ಸಂಜಿಗೆ ಕೌಂಟರಿನ್ಯಾಗ ಲಕ್ಷ್ಮೀ ಪೂಜಾ ಐತಿ. ಆವಾಗ ಅರ್ಧಾ ತಾಸು ಬಿಲ್ಲು ನಿಲ್ಲತೈತಿ. ಅದನ್ನ ಬೋರ್ಡಿನ ಮ್ಯಾಲೆ ಇವತ್ತ ಬರದ ಹಾಕ್ರಿ. ಪೂಜಾ ಹೊತ್ತಿನ್ಯಾಗ "ನಿಲ್ರಿ, ನಿಲ್ರಿ" ಅಂತ ಗಿರಾಕಿನ ತಡದ್ರ ಲಕ್ಷ್ಮಿನ ತಡದಂಗ.

ಈಗ ಹ್ವಾದ ವರ್ಷದ ಒಂದು ಮಾತು. ಹಳಬರಿಗೆ ನೆನಪ ಇರಬೇಕು, ಹೊಸಬರು ಕೇಳಿಕೊಳ್ರಿ. ಪಾಡ್ಯದ ಹಿಂದಿನ ದಿನ, ಸಂಜಿ ಆರರ ಸುಮಾರ. ಬೀಳಗಿ ಕಡೆ ಒಬ್ಬಾಕಿ ಹೆಣ್ಮಗಳು, ಹೆಗಲ ಮ್ಯಾಲೆ ಕೂಸು ಮಲಗಿತ್ತು. ಮೂರು ಸೀರಿ ಆರಿಸಿಕೊಂಡು ಮುಕ್ಕಾಲ್ ತಾಸು ಪಾಳಿ ನಿಂತು ಕೌಂಟರಿಗೆ ಬಂದ್ಲು. ಸೆರಗಿನ ಗಂಟು ಬಿಚ್ಚಿ ರೊಕ್ಕ ಎಣಿಸಿ ಇಟ್ಲು. ನಮ್ಮ ಹುಡುಗ ಸ್ಕ್ಯಾನ್ ಮಾಡಿ, "ಅಕ್ಕಾರ, ಇದರಾಗ ಒಂದು ಸೀರಿ ಆಫರಿನ್ಯಾಗ ಬರಂಗಿಲ್ಲ" ಅಂದ. ಆಕಿ ಜಗಳ ಮಾಡ್ಲಿಲ್ಲ. ಎಣಿಸಿದ ರೊಕ್ಕ ಒಂದೊಂದ ಎತ್ತಿ, ಮತ್ತ ಸೆರಗಿಗೆ ಗಂಟ ಹಾಕ್ಕೊಂಡು, ಮೂರೂ ಸೀರಿ ಅಲ್ಲೇ ಬಿಟ್ಟು ಹ್ವಾದ್ಲು. ಬಸ್ಸು ಸಿಕ್ಕಿತೋ ಇಲ್ಲೋ ಗೊತ್ತಿಲ್ಲ. ಬೈದ ಗಿರಾಕಿ ಮತ್ತ ಬರ್ತಾನ, ಆದ್ರ ಆ ಗಂಟು ಹಾಕ್ಕೊಂಡಾಕಿ ಮತ್ತ ಬರಂಗಿಲ್ಲ.

ತಪ್ಪು ಕೌಂಟರಿನ ಹುಡುಗನದಲ್ಲ. ಸೀರಿ ಬಿಚ್ಚಿ ತೋರಿಸುವಾಗ ಯಾರೂ ಹೇಳಿರಲಿಲ್ಲ. ಬೋರ್ಡಿನ ಮ್ಯಾಲೆ ಇರಿವಿ ಸಾಲಿನಂಗ ಅಕ್ಷರದಾಗ ಬರದಿದ್ವಿ, ಅದು ನನ್ನ ತಪ್ಪು. ಸೀರಿ ಬಿಚ್ಚುವಾಗ ಹೇಳಿದ್ರ ಅದು ಮಾತು, ಬಿಲ್ಲಿನ್ಯಾಗ ಹೇಳಿದ್ರ ಅದ ಜಗಳ. ಈ ವರ್ಷ ನಿಮ್ಮಿಂದ ನಾ ಕೇಳೂದು ಇದೊಂದ.

ಹಂಗಾರ ಆಫರ್ ಏನು? ಕೆಳಗಿನ ಮಾಳಿಗಿ: ಫ್ಯಾನ್ಸಿ, ಸಿಂಥೆಟಿಕ್ ಸೀರಿ ಎರಡಕ್ಕ ಒಂದು ಪುಕ್ಕಟೆ. ಮೂರರಾಗ ಯಾವುದರ ರೇಟು ಕಡಿಮಿ ಐತಿ ಅದ ಪುಕ್ಕಟೆ, ಗಿರಾಕಿ ಕೈ ಮಾಡಿದ್ದಲ್ಲ. ಇವಕ್ಕ ಹಳದಿ ಚೀಟಿ ಹಚ್ಚೀವಿ. ಹಳದಿ ಚೀಟಿ ಇಲ್ಲ ಅಂದ್ರ ಆಫರ್ ಇಲ್ಲ, ಅಷ್ಟ ಹೇಳ್ರಿ. ಒಂದನೇ ಮಾಳಿಗಿ: ಹೆಣ್ಮಕ್ಕಳ ಕುರ್ತಾ, ಹುಡುಗ್ರ ಅರಬಿ ಎಲ್ಲಾದಕ್ಕೂ 20% ಕಡಿಮಿ. ಎರಡನೇ ಮಾಳಿಗಿ: ಗಂಡಸರ ಅರಬಿ ₹4,000 ಆದ್ರ ಅದ ಬಿಲ್ಲಿನ್ಯಾಗ ₹400 ಬಿಡ್ತೀವಿ, ಮುಂದಿನ ಸಲಕ್ಕ ಕೂಪನ್ ಅನ್ನೂ ಆಟ ಇಲ್ಲ. ಧೋತರ, ಟವೆಲ್, ಒಳಅರಬಿ, ಸಾಲಿ ಯೂನಿಫಾರಂ ಇವು ಯಾವುದರಾಗೂ ಬರಂಗಿಲ್ಲ.

ಇಳಕಲ್ ಕೈಮಗ್ಗದ ಸೀರಿಗೂ ಗುಳೇದಗುಡ್ಡದ ಖಣಕ್ಕೂ ರಿಯಾಯ್ತಿ ಇಲ್ಲ. "ಯಾಕಿಲ್ಲ?" ಅಂತ ಕೇಳೇ ಕೇಳ್ತಾರ. ಆವಾಗ ಮುಖ ಸಣ್ಣ ಮಾಡಬ್ಯಾಡ್ರಿ, ಸೀರಿನ ಮಾತಾಡಲಿ. ಸೆರಗು ಬಿಚ್ಚಿ, ಒಡಲು ಸೆರಗು ಕೂಡೂ ಜಾಗಾ ಬೆಳಕಿಗೆ ಹಿಡೀರಿ. ಅಲ್ಲಿ ಒಡಲಿನ ನೂಲು, ಸೆರಗಿನ ರೇಷ್ಮಿ ಎಳಿ ಒಂದಕ್ಕೊಂದು ಸಿಗಿಸಿದ ಕೊಂಡಿ ಕಾಣತೈತಿ. ಎಳಿ ಎಳಿಗೂ ಕೈಲೆ ಹಾಕಿದ್ದು. ಅದನ್ನ ತೋರಿಸಿ, ತೋಪತೆನಿ ಸೆರಗಿನ ಮ್ಯಾಲೆ ಬಟ್ಟ ಆಡಿಸಿ, "ಅವ್ವಾರ, ನೇಕಾರ್ರಿಗೆ ಕೊಟ್ಟ ರೇಟಿನ ಮ್ಯಾಲೆ ನಾವ ಭಾಳ ಹಚ್ಚಿಲ್ಲ, ಫಾಲ್-ಪಿಕೋ ಪುಕ್ಕಟೆ ಮಾಡಿ ಕೊಡ್ತೀವಿ" ಅನ್ರಿ. ಈ ಸೀಮಿ ವಯಸ್ಸಾದ ಹೆಣ್ಮಕ್ಕಳಿಗೆ ಕೊಂಡಿ ನಮಗಿಂತ ಚಲೋ ಗೊತ್ತು. ರೇಣುಕಾ, ನೀ ಹೊಸಬಳು, ಇವತ್ತ ಮಧ್ಯಾಹ್ನ ಶಾಂತಕ್ಕನ ಕಡೆ ಕುಂತು ಗೋಮಿ ದಡಿ ಯಾವುದು, ಗಾಡಿ ದಡಿ ಯಾವುದು ಕಲ್ತಕೋ. ಪವರ್‌ಲೂಮ್ ಸೀರಿ ತೋರಿಸಿ ಕೈಮಗ್ಗದ್ದು ಅಂದವರು ನನ್ನ ಅಂಗಡ್ಯಾಗ ಮರುದಿನ ಇರಂಗಿಲ್ಲ. ಅದನ್ನ ನಗಕೋತ ಹೇಳಿದೆ ಅಂತ ನಗಚಾಟಿಗಿ ಅನ್ಕೋಬ್ಯಾಡ್ರಿ.

ಫಾಲ್-ಪಿಕೋಗೆ ಚೀಟಿ ಬರದ ಕೊಡ್ರಿ. ಹಬ್ಬದ ಮೊದಲ ಆಗೂದಿಲ್ಲ ಅಂದ್ರ "ನಾಳಿ ಬರ್ರಿ, ನಾಡದ ಬರ್ರಿ" ಅಂತ ತಿರುಗಿಸಬ್ಯಾಡ್ರಿ. ಆಗೂದಿಲ್ಲ ಅನ್ರಿ, ಪಾಡ್ಯ ಮುಗದ ಮ್ಯಾಲೆ ಕೊಡ್ತೀವಿ ಅನ್ರಿ.

ಇನ್ನ ಜಿಎಸ್‌ಟಿ. "ತೆರಿಗಿ ಕಡಿಮಿ ಮಾಡ್ಯಾರಂತಲ್ಲ, ನಿಮ್ಮಲ್ಲೆ ಯಾಕ ಕಡಿಮಿ ಆಗಿಲ್ಲ?" ಅಂತಾರ. ತಿಳಕೊಂಡಿರ್ರಿ: 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪು ಒಂದಕ್ಕ ₹2,500 ತನಕ 5%, ಅದಕ್ಕಿಂತ ಮ್ಯಾಲಿದ್ರ 18%. ಮೊದಲ 5% ಬರ್ತಿದ್ದದ್ದು ₹1,000 ತನಕ ಅಷ್ಟ. ಸೀರಿ ಬಟ್ಟಿ ಲೆಕ್ಕಕ್ಕ ಬರ್ತೈತಿ, ರೇಟು ಎಷ್ಟ ಇದ್ರೂ 5%. ಚೀಟಿ ಮ್ಯಾಲಿನ ರೇಟಿನ್ಯಾಗ ತೆರಿಗಿ ಕೂಡೇ ಐತಿ. ರಿಯಾಯ್ತಿ ಕಳದ ಮ್ಯಾಲೆ ಮತ್ತ ತೆರಿಗಿ ಹಚ್ಚಂಗಿಲ್ಲ. ಯಾರರ ಹಚ್ಚಿದ್ರ ಗ್ರಾಹಕರ ಆಯೋಗಕ್ಕ ಹೋಗಿ ನಿಂದರಾವ ನಾನ.

ಬಿಲ್ಲಿಗೆ ಮೊಬೈಲ್ ನಂಬರ್ ಕೊಡಾಕಬೇಕು ಅಂತ ಒತ್ತಾಯ ಮಾಡಬ್ಯಾಡ್ರಿ. ಗಿರಾಕಿ ನಂಬರಿಗೆ ಜೋರ ಮಾಡಬಾರದು ಅಂತ 2023ರ ಮೇದಾಗ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆನ ಹೇಳೈತಿ. ಕೊಟ್ರ ಬರಕೊಳ್ರಿ, ಇಲ್ಲಂದ್ರ ಬಿಡ್ರಿ. ನಂಬರ್ ಕೇಳಕೋತ ನಿಂತ್ರ ಪಾಳಿನೂ ಉದ್ದ ಆಗತೈತಿ.

ಪಾಳಿ ಮಾತಿಗೆ ಬರೂಣು. ಎರಡು ಕೌಂಟರ್ ಇದ್ವು, ನಾಳಿಯಿಂದ ನಾಕು. ಬಾಗಿಲ ಹತ್ತಿರದ್ದು ಎರಡು ಅರಬಿಗಿಂತ ಹೆಚ್ಚಿಲ್ಲದವರಿಗೆ. ಗ್ವಾಡಿ ಕಡೇದು ವಯಸ್ಸಾದವರಿಗೆ, ಬಸುರಿ ಹೆಣ್ಮಕ್ಕಳಿಗೆ, ಕೂಸು ಎತ್ತಿಕೊಂಡವರಿಗೆ. ಅಲ್ಲಿ ಎರಡು ಬಾಕು ಹಾಕೀವಿ. ಇವರು ನಿಮ್ಮನ್ನ ಕೇಳಂಗಿಲ್ಲ, ನೀವ ಹೋಗಿ ಕರಕೊಂಡ ಬರಬೇಕು. ಉಳಿದವರು ಹುಬ್ಬ ಗಂಟ ಹಾಕಿದ್ರ "ಅಣ್ಣಾರ, ನಿಮ್ಮ ಅವ್ವನಂಥಾಕಿ, ಎರಡ ನಿಮಿಷ" ಅನ್ರಿ ಸಾಕು. ಯಾರೂ ಇಲ್ಲ ಅನ್ನಂಗಿಲ್ಲ.

ಬಸ್ಸಿನ ಮಾತು ಮರೀಬ್ಯಾಡ್ರಿ. 2023ರ ಜೂನ್‌ದಾಗ ಶಕ್ತಿ ಯೋಜನಾ ಬಂದಾಗಿಂದ ಹಳ್ಳಿ ಹೆಣ್ಮಕ್ಕಳು ನಾಕಾರು ಮಂದಿ ಕೂಡಿ ಸಾರಿಗೆ ಬಸ್ಸಿನ್ಯಾಗ ಬರ್ತಾರ. ಹುನಗುಂದ, ಬಾದಾಮಿ, ಬೀಳಗಿ, ಕಲಾದಗಿ ಕಡೆ ಮಂದಿ ಸಂಜಿ ಐದು ದಾಟಿತಂದ್ರ ಗಡಿಯಾರ ನೋಡಾಕ ಸುರು ಮಾಡ್ತಾರ. ಐದರ ನಂತ್ರ ಮಲ್ಲಪ್ಪ ಪಾಳಿ ತುದಿಗೆ ನಿಂತು ಟೋಕನ್ ಕೊಡ್ತಾನ. ಕೊಡುವಾಗ "ಯಾವ ಊರ್ರಿ, ಬಸ್ಸು ಎಷ್ಟಕ್ಕ?" ಅಂತ ಕೇಳಬೇಕು. ಅವಸರ ಇದ್ದವರಿಗೆ ಕೆಂಪು ಟೋಕನ್, ಅವರ ಬಿಲ್ಲು ಮೊದಲ. ಪಾಳಿ ಎಷ್ಟ ಹೊತ್ತಂತ ಕೇಳಿದ್ರ ಐದ ನಿಮಿಷ ಅಂತ ಸುಳ್ಳ ಹೇಳಬ್ಯಾಡ್ರಿ. ಅರ್ಧಾ ತಾಸಂದ್ರ ಅರ್ಧಾ ತಾಸ ಅನ್ರಿ, ನೀರ ಕೊಡ್ರಿ. ಅರ್ಧಾ ತಾಸಂತ ಗೊತ್ತಿದ್ದಾವ ಕಾಯತಾನ, ಐದ ನಿಮಿಷ ಅಂತ ಕೇಳಿದಾವ ಆರನೇ ನಿಮಿಷಕ್ಕ ಸಿಟ್ಟಾಗತಾನ.

ಫೋನ್ ಪೇ, ಗೂಗಲ್ ಪೇ ಅಂದ್ರ ನೆಟ್‌ವರ್ಕ್ ಕೈ ಕೊಡತೈತಿ, ಹಬ್ಬದಾಗ ಇನ್ನೂ ಹೆಚ್ಚು. ಡಬ್ಬಿ ಕೂಗೂ ತನಕ ಕಾಯ್ರಿ, ಸ್ಕ್ರೀನ್‌ಶಾಟ್ ನಂಬಬ್ಯಾಡ್ರಿ. ಹಂಗಂತ "ರೊಕ್ಕ ಬಂದಿಲ್ಲ" ಅಂತ ಪಾಳಿಗೆ ಕೇಳೂವಂಗ ಒದರಬ್ಯಾಡ್ರಿ, ಆ ಮನಿಶಾ ಕಳ್ಳ ಆಗಿಬಿಡ್ತಾನ. ಅರಬಿ ಬದಿಗಿಟ್ಟು, ವ್ಯವಹಾರದ ನಂಬರ್ ಬರಕೊಂಡು ನನ್ನ ಕಡೆ ಕಳಸ್ರಿ, ನಾ ನೋಡಕೋತೀನಿ.

ಕಳ್ಳತನದ ಸಂಶಯ ಬಂದ್ರೂ ಇದ ಮಾತು. ಕೈ ಹಿಡೀಬ್ಯಾಡ್ರಿ, ಚೀಲ ಕಸೀಬ್ಯಾಡ್ರಿ, ನನಗ ಹೇಳ್ರಿ. ಕ್ಯಾಮೆರಾ ನೋಡಿ ಖಾತ್ರಿ ಆದ ಮ್ಯಾಲೆ ಮುಂದಿನ ಮಾತು. ಹೆಣ್ಮಕ್ಕಳ ಟ್ರಯಲ್ ರೂಮಿನ ಬಾಗಿಲಿಗೆ ಹೆಣ್ಮಕ್ಕಳ ನಿಂದರಬೇಕು, ಗಂಡು ಹುಡುಗ್ರು ಆ ಓಣಿ ಕಡೆ ಹಾಯಂಗಿಲ್ಲ.

ಚೌಕಾಸಿ ಮಾಡವರು ಇದ್ದೇ ಇರ್ತಾರ. "ಒಂದ ರೇಟು, ಬೇಕಾದ್ರ ತಗೋರಿ" ಅನ್ನೂದು ಸತ್ಯ ಇದ್ರೂ ಅದು ಮಾತಲ್ಲ. "ಯಜಮಾನ್ರ, ಇದರಾಗ ನನ್ನ ಕೈಯಾಗ ಏನಿಲ್ಲ, ಇದ ಬಣ್ಣದ್ದು ಕಡಿಮಿ ರೇಟಿಂದು ತೋರಿಸ್ಲೇನು?" ಅನ್ರಿ. ಇಪ್ಪತ್ತ ಸೀರಿ ಬಿಚ್ಚಿಸಿ ಒಂದೂ ತಗೊಳ್ಳದ ಹೋದ್ರೂ "ಮತ್ತ ಬರ್ರಿ ಅಕ್ಕಾರ" ಅನ್ರಿ. ಆಕಿ ಬಾಗಿಲ ದಾಟೂ ಮೊದಲ ಸೀರಿ ಎತ್ತಿ ಎತ್ತಿ ಒಗೀಬ್ಯಾಡ್ರಿ, ಆ ಸಪ್ಪಳ ಆಕಿಗೆ ಕೇಳತೈತಿ. ಮರಾಠಿ, ಉರ್ದು, ಲಂಬಾಣಿ ಮಾತಾಡವರು ಬಂದ್ರ ಮೆಹಬೂಬನ್ನೋ ಶಾಂತಕ್ಕನ್ನೋ ಕರೀರಿ. ಗೊತ್ತಿಲ್ಲದ ಭಾಷಾದಾಗ ದನಿ ಏರಿಸಿದ್ರ ತಿಳಿಯಂಗಿಲ್ಲ.

ಗದ್ದಲ ಹೆಚ್ಚಾದ್ರ ಮುಂದಿನ ಮೆಟ್ಟಲಾ ಏರಾಕ ಅಷ್ಟ, ಹಿಂದಿನ ಮೆಟ್ಟಲಾ ಇಳಿಯಾಕ. ಮೊನ್ನೆ ಹಿಂದಿನ ಮೆಟ್ಟಲಾ ಮ್ಯಾಲೆ ಏಳು ರಟ್ಟಿನ ಡಬ್ಬಿ ಎಣಿಸೀನಿ. ಬಸು, ಇವತ್ತ ಮಧ್ಯಾಹ್ನದೊಳಗ ಅವು ಅಲ್ಲಿ ಇರಬಾರದು. ಪಟಾಕಿ ದಿನ, ಮನಿ ತುಂಬ ಅರಬಿ, ಒಂದ ಕಿಡಿ ಸಾಕು. ಒಳಗ ಮಂದಿ ಇದ್ದಾಗ ಶಟರ್ ಎಳೀಬ್ಯಾಡ್ರಿ. ಮಂದಿ ಭಾಳಾದ್ರ ಬಾಗಿಲಿಗೆ ಹಗ್ಗ ಕಟ್ಟಿ ಹತ್ತ ಹತ್ತ ಮಂದಿ ಬಿಡ್ರಿ. ಯಾರರ ಬಿದ್ರ, ತಲಿ ತಿರಗಿದ್ರ ಮೊದಲ ಕುಂದರಸ್ರಿ, ನನಗ ಕರೀರಿ, 112ಕ್ಕ ಫೋನ್ ಹಚ್ರಿ.

ಕೂಸು ತಪ್ಪಿಸಿಕೊಂಡ್ರ ಅದನ್ನ ಎತ್ತಿಕೊಂಡು ಅಂಗಡಿ ತುಂಬ ತಿರಗಬ್ಯಾಡ್ರಿ. ಶಾಂತಕ್ಕನ ಕಡೆ ಕೆಳಗಿನ ಕೌಂಟರಿಗೆ ತಂದ ಕೂಡಿಸ್ರಿ. "ನಂದ ಕೂಸು" ಅಂತ ಬಂದವರ ಕೈಗೆ ಹಂಗ ಕೊಡಬ್ಯಾಡ್ರಿ. ಕೂಸು ಅವರನ್ನ ನೋಡಿ ಓಡಿ ಹೋಗಬೇಕು, ಇಲ್ಲಾ ಅವರು ಕೂಸಿನ ಹೆಸರು, ಗುರ್ತು ಹೇಳಬೇಕು.

ನಿಮ್ಮ ಕಡೆ ಮಾತೂ ಐತಿ. ಊಟ ಖಾನಾವಳಿಯಿಂದ ಬರ್ತೈತಿ, ರೊಟ್ಟಿ, ಪಲ್ಯ, ಅನ್ನ, ಸಾರು. ಎರಡು ಪಾಳಿಯೊಳಗ ಕುಂತು ಉಣ್ರಿ, ನಿಂತಕೊಂಡ ಒಂದ ತುತ್ತು ನುಂಗಿ ಬರಬ್ಯಾಡ್ರಿ. ಹಸದ ಹೊಟ್ಟಿಯಿಂದ ನಗಿ ಬರಂಗಿಲ್ಲ. ಹೆಚ್ಚಿನ ತಾಸಿಗೆ ದುಪ್ಪಟ್ಟು ಪಗಾರ ಬರ್ತೈತಿ, ಹಾಜರಿ ಪುಸ್ತಕದಾಗ ಸಹಿ ಹಾಕೋದ ಮರೀಬ್ಯಾಡ್ರಿ. ರಾತ್ರಿ ಹೆಣ್ಮಕ್ಕಳಿಗೆ ಆಟೋ ಮಾಡೀವಿ, ಮನಿ ಮುಟ್ಟಿದ ಮ್ಯಾಲೆ ನನಗೊಂದ ಮೆಸೇಜ್ ಹಾಕ್ರಿ. ಯಾರರ ಗಿರಾಕಿ ಕೆಟ್ಟದಾಗಿ ಮಾತಾಡಿದ್ರ, ಮೈ ಮುಟ್ಟಿದ್ರ, ಅಲ್ಲಿ ನೀವ ನಗಬೇಕಂತಿಲ್ಲ. ಅಲ್ಲಿಂದ ಸರದ ಬರ್ರಿ, ನಾ ಹೋಗತೀನಿ. ಆ ಒಂದ ವ್ಯಾಪಾರ ಹೋದ್ರ ಹೋಗಲಿ.

ಕೇಳೂದ ಏನರ ಐತೇನು? ... ಹೌದು, ಹಬ್ಬದ ಅರಬಿ ನಿಮಗೂ ಐತಿ, ಅಮವಾಸಿ ಪೂಜಾ ಮುಗದ ಮ್ಯಾಲೆ ಕೊಡ್ತೀನಿ, ಬಣ್ಣ ನೀವ ಆರಿಸಿಕೊಳ್ರಿ. ಆತು. ರೇಣುಕಾ, ಹಳದಿ ಚೀಟಿ ಡಬ್ಬಿ ತಗೊಂಡ ಬಾ. ಮಲ್ಲಪ್ಪ, ಹೊರಗ ಮೂರು ಮಂದಿ ಆಗಲೇ ನಿಂತಾರ, ಶಟರ್ ಎತ್ತು.