ಡಯಲ್ ಗೇಜ್ ಕ್ಯಾಲಿಬ್ರೇಶನ್: ನಮ್ಮ ಶಾಪ್‌ನ ಪದ್ಧತಿ

ಇದು ಡಿಜಿ-01ರಿಂದ ಡಿಜಿ-12ರವರೆಗಿನ ಪ್ಲಂಜರ್ ಗೇಜ್‌ಗಳಿಗೆ ಮಾತ್ರ. ರೇಂಜ್ 10 ಮಿ.ಮೀ., ಲೀಸ್ಟ್ ಕೌಂಟ್ 0.01. ಲಿವರ್ ಟೈಪ್‌ಗೆ ಬೇರೆ ಪದ್ಧತಿ ಇದೆ. ಆರು ತಿಂಗಳಿಗೊಮ್ಮೆ ಮಾಡಬೇಕು, ಕೆಳಗೆ ಬಿದ್ದರೆ ಅವತ್ತೇ.

ರೂಮ್ 20±1 ಡಿಗ್ರಿ, ತೇವಾಂಶ 60% ಒಳಗೆ. ಗೇಜ್ ಮತ್ತು ಟೆಸ್ಟರ್ ಎರಡನ್ನೂ ನಾಲ್ಕು ಗಂಟೆ ಮೊದಲೇ ಒಳಗಿಡಿ. ಮಷಿನ್ ಪಕ್ಕದಿಂದ ತಂದು ಬಿಸಿಬಿಸಿಯಾಗಿ ಹಚ್ಚಬೇಡಿ.

ಮೊದಲು ಪ್ಲಂಜರ್ ಒರೆಸಿ, ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ. ಮುಳ್ಳು ಎಲ್ಲಾದರೂ ತಡವರಿಸಿದರೆ ಅಲ್ಲೇ ನಿಲ್ಲಿಸಿ, ರಿಪೇರಿಗೆ ಕಳಿಸಿ. ಸುಮ್ನೆ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಇನ್ನೂ ಜಾಸ್ತಿ ಅಂಟುತ್ತದೆ. ಆಮೇಲೆ ಟೆಸ್ಟರ್‌ಗೆ ನೇರವಾಗಿ ಕೂರಿಸಿ (ಓರೆಯಾದರೆ ರೀಡಿಂಗೇ ಸುಳ್ಳು), ಸೊನ್ನೆ ಹೊಂದಿಸಿ, ಮೊದಲ ಎರಡು ಸುತ್ತು 0.1ಕ್ಕೊಂದು, ಉಳಿದದ್ದು ಅರ್ಧ ಸುತ್ತಿಗೊಂದು ರೀಡಿಂಗ್ ಬರೆದುಕೊಳ್ಳುತ್ತಾ 10ರವರೆಗೆ ಹೋಗಿ, ಅದೇ ಪಾಯಿಂಟ್‌ಗಳಲ್ಲಿ ವಾಪಸ್ ಬನ್ನಿ. ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ಸರಿಮಾಡಬೇಡಿ, ಸೊನ್ನೆಯಿಂದಲೇ ಶುರುಮಾಡಿ. ಕೊನೆಗೆ ಶುರು, ನಡು, ತುದಿ, ಮೂರೂ ಕಡೆ ಐದೈದು ಸಲ ಪ್ಲಂಜರ್ ಎತ್ತಿ ಬಿಡಿ.

ಪಾಸಾಗಲು ನಮ್ಮ ಮಿತಿ: ಪೂರ್ತಿ ರೇಂಜ್‌ನಲ್ಲಿ ತಪ್ಪು 15 ಮೈಕ್ರಾನ್, ಒಂದು ಸುತ್ತಿನಲ್ಲಿ 10, ಹೋಗಿಬರುವ ವ್ಯತ್ಯಾಸ 5, ಐದು ಸಲದ ವ್ಯತ್ಯಾಸ 3. ಒಂದು ಮೀರಿದರೂ ಕೆಂಪು ಸ್ಟಿಕ್ಕರ್, ಮತ್ತು ಹಿಂದಿನ ಕ್ಯಾಲಿಬ್ರೇಶನ್ ಆದಮೇಲೆ ಆ ಗೇಜ್‌ನಲ್ಲಿ ಅಳೆದ ಜಾಬ್‌ಗಳ ಪಟ್ಟಿ ಕ್ವಾಲಿಟಿಯವರಿಗೆ.