ವಾರಂಟಿಯಲ್ಲಿರುವ ಫೋನಿನ ಬ್ಯಾಟರಿ ಪದೇಪದೇ ಉಬ್ಬುತ್ತಿರುವ ಬಗ್ಗೆ ದೂರು

ದಿನಾಂಕ: 16 ಅಕ್ಟೋಬರ್ 2025
ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಮೂಲಕ

ಇಂದ,
ಎನ್. ಸುಧೀಂದ್ರ
ಬಸವನಗುಡಿ, ಬೆಂಗಳೂರು – 560004

ಗೆ,
ವ್ಯವಸ್ಥಾಪಕರು
ಅಧಿಕೃತ ಸರ್ವಿಸ್ ಸೆಂಟರ್
ಜಯನಗರ 4ನೇ ಬ್ಲಾಕ್, ಬೆಂಗಳೂರು – 560011

ಪ್ರತಿ: ಕಂಪನಿಯ ಕುಂದುಕೊರತೆ ಅಧಿಕಾರಿಯವರಿಗೆ

ವಿಷಯ: ನೀವು ಬದಲಿಸಿದ ಬ್ಯಾಟರಿಯೂ ಉಬ್ಬಿರುವುದು, ಅದನ್ನು ‘ಫಿಸಿಕಲ್ ಡ್ಯಾಮೇಜ್’ ಎಂದು ಬರೆದು ವಾರಂಟಿ ನಿರಾಕರಿಸಿರುವುದು, ಹೊಸ ಫೋನ್ ಅಥವಾ ಹಣ ವಾಪಸಾತಿಗೆ ಬೇಡಿಕೆ.

ಉಲ್ಲೇಖ: ಖರೀದಿ ಬಿಲ್ ದಿನಾಂಕ 18-11-2024, ಬೆಲೆ ₹23,499. ವಾರಂಟಿ 17-11-2025ರವರೆಗೆ. ಐಎಂಇಐ ಕೊನೆಯ ನಾಲ್ಕು ಅಂಕಿ 4471. ಜಾಬ್ ಶೀಟ್ ದಿನಾಂಕಗಳು: 09-06-2025, 26-07-2025, 19-09-2025, 13-10-2025.

ಮಾನ್ಯರೇ,

ಮೊದಲಿಗೆ ತುರ್ತಿನ ಮಾತು. ಈ ಫೋನಿನ ಬ್ಯಾಟರಿ ಈಗ ಉಬ್ಬಿದ ಸ್ಥಿತಿಯಲ್ಲಿದೆ. ಕಂಪನಿಯ ವಿವರಪಟ್ಟಿಯ ಪ್ರಕಾರ ಫೋನಿನ ದಪ್ಪ 8.1 ಮಿ.ಮೀ. ನಡುಭಾಗದಲ್ಲಿ ವರ್ನಿಯರ್ ಹಿಡಿದು ಅಳೆದರೆ 10.6 ಮಿ.ಮೀ. ಬರುತ್ತಿದೆ. ಹಿಂಬದಿಯ ಕವರ್ ಕೆಳಗಿನ ಎಡಮೂಲೆಯಲ್ಲಿ ಎದ್ದು ನಿಂತಿದೆ, ಡಿಸ್‌ಪ್ಲೇಯ ಮಧ್ಯದಲ್ಲಿ ಬಿಳಿ ಮಚ್ಚೆ ಮೂಡಿದೆ. ಸಂದಿಯ ಬಳಿ ಉಗುರುಬಣ್ಣ ಅಳಿಸುವ ದ್ರವದಂಥ ಸಿಹಿ ಘಾಟು ಬರುತ್ತಿದೆ. ಎಲೆಕ್ಟ್ರೋಲೈಟ್‌ನ ದ್ರಾವಕ ಸೋರಿದಾಗ ಬರುವ ವಾಸನೆ ಇಂಥದ್ದೇ. ಹಾಗಾಗಿ ಫೋನನ್ನು ಸ್ವಿಚ್ ಆಫ್ ಮಾಡಿ, ಚಾರ್ಜ್‌ಗೆ ಹಾಕದೆ, ಒಣ ಮರಳು ತುಂಬಿದ ಮಣ್ಣಿನ ಕುಂಡದಲ್ಲಿ, ಬೆಂಕಿ ಹತ್ತುವ ವಸ್ತುಗಳಿಂದ ದೂರ ಇರಿಸಲಾಗಿದೆ. ಇದನ್ನು ಕೊರಿಯರ್‌ನಲ್ಲಿ ಕಳಿಸಲು ಸಾಧ್ಯವಿಲ್ಲ, ಕಳಿಸಲೂಬಾರದು. ನಿಮ್ಮ ಕಡೆಯಿಂದ ಒಬ್ಬರು ಬಂದು ತೆಗೆದುಕೊಂಡು ಹೋಗಬೇಕು, ಇಲ್ಲವೇ ಸಮಯ ನಿಗದಿ ಮಾಡಿದರೆ ನಾನೇ ತಂದು ಟೆಕ್ನಿಷಿಯನ್ ಕೈಗೆ ಕೊಡುತ್ತೇನೆ. ಕೌಂಟರ್‌ನ ಡ್ರಾಯರ್‌ನಲ್ಲಿ ಬೇರೆ ಫೋನ್‌ಗಳ ಜೊತೆ ಹಾಕಿಡುವ ವಸ್ತುವಲ್ಲ ಇದು.

ಇನ್ನು ನಡೆದದ್ದು. ಜೂನ್ 9ರಂದು ಕೊಟ್ಟ ದೂರು: ಚಾರ್ಜ್ ಆಗುವಾಗ ವಿಪರೀತ ಬಿಸಿ, ಶೇ. 40ರಿಂದ ಒಮ್ಮೆಲೇ ಶೇ. 15ಕ್ಕೆ ಇಳಿಕೆ. ಅಂದು ಮಾಡಿದ ಕೆಲಸ ಸಾಫ್ಟ್‌ವೇರ್ ಅಪ್‌ಡೇಟ್ ಮತ್ತು ಫ್ಯಾಕ್ಟರಿ ರೀಸೆಟ್ ಮಾತ್ರ. ಜಾಬ್ ಶೀಟ್‌ನಲ್ಲಿ ‘ತೊಂದರೆ ಕಂಡುಬಂದಿಲ್ಲ’ ಎಂದಿದೆ. ಜುಲೈ 26ರಂದು ಕವರ್ ಮೊದಲ ಸಲ ಎದ್ದಿತ್ತು. ಅದನ್ನು ಬ್ಯಾಟರಿ ಉಬ್ಬರವೆಂದು ನೀವೇ ಒಪ್ಪಿ, ವಾರಂಟಿಯಡಿ ಹಣ ತೆಗೆದುಕೊಳ್ಳದೆ ಬ್ಯಾಟರಿ ಬದಲಿಸಿದಿರಿ. ಸೆಪ್ಟೆಂಬರ್ 19ರಂದು ಕವರ್ ಮತ್ತೆ ಎದ್ದು ಬಂದಾಗ ‘ಬ್ಯಾಕ್ ಕವರ್ ಗಮ್ ಪೇಸ್ಟಿಂಗ್’ ಎಂದು ಬರೆದು, ಹೊಸ ಅಂಟು ಹಚ್ಚಿ, ಕ್ಲಿಪ್ ಹಾಕಿ ಒತ್ತಿ ಕೂರಿಸಿ ಕಳಿಸಿದಿರಿ. ಅಕ್ಟೋಬರ್ 13ರಂದು ಫೋನನ್ನು ಬಿಚ್ಚಿಯೂ ನೋಡದೆ, ಫ್ರೇಮ್ ಬಾಗಿದೆ, ಕೆಳಗೆ ಬಿದ್ದಿರಬೇಕು, ವಾರಂಟಿ ಸಿಗುವುದಿಲ್ಲ ಎಂದು ಹೇಳಿ ಬ್ಯಾಟರಿ, ಡಿಸ್‌ಪ್ಲೇ, ಫ್ರೇಮ್ ಮೂರಕ್ಕೂ ಸೇರಿಸಿ ₹9,840ರ ಎಸ್ಟಿಮೇಟ್ ಕೊಟ್ಟಿದ್ದೀರಿ.

ಈ ಎಸ್ಟಿಮೇಟ್ ಅನ್ನು ನಾನು ಒಪ್ಪುವುದಿಲ್ಲ. ಕಾರಣ ಫ್ರೇಮಿನಲ್ಲೇ ಇದೆ.

ಬಿದ್ದ ಫೋನಿನ ಗುರುತು ಸಾಮಾನ್ಯವಾಗಿ ಮೂಲೆಯಲ್ಲೋ ಅಂಚಿನಲ್ಲೋ ಇರುತ್ತದೆ: ತಗ್ಗು, ಕಿತ್ತ ಪೇಂಟ್, ಆ ಬಿಂದುವಿನಿಂದ ಹೊರಟ ಗಾಜಿನ ಬಿರುಕು. ಪೆಟ್ಟು ಹೊರಗಿನಿಂದ ಒಳಕ್ಕೆ ಬಿದ್ದಿರುತ್ತದೆ. ಇಲ್ಲಿ ನಾಲ್ಕು ಮೂಲೆಯೂ ನೆಟ್ಟಗಿವೆ, ಗಾಜಿನ ಮೇಲೆ ಒಂದು ಗೆರೆಯೂ ಇಲ್ಲ. ಫ್ರೇಮ್ ಬಾಗಿರುವುದು ಬ್ಯಾಟರಿ ಕೂರುವ ನಡುಭಾಗದಲ್ಲಿ, ಅದೂ ಒಳಗಿನಿಂದ ಹೊರಕ್ಕೆ. ಸಮತಟ್ಟಾದ ಮೇಜಿನ ಮೇಲೆ ಇಟ್ಟು ತುದಿಯನ್ನು ತಳ್ಳಿದರೆ ಫೋನು ಬುಗುರಿಯಂತೆ ಸುತ್ತುತ್ತದೆ. ಪೌಚ್ ಸೆಲ್ ಉಬ್ಬಿದಾಗ ಒತ್ತಡಕ್ಕೆ ಮೊದಲು ಬಿಟ್ಟುಕೊಡುವುದು ಹಿಂಬದಿಯ ಅಂಟು. ಆ ದಾರಿಯನ್ನು ಸೆಪ್ಟೆಂಬರ್‌ನಲ್ಲಿ ಹೊಸ ಗಮ್ ಹಾಕಿ ಮುಚ್ಚಿದ ಮೇಲೆ ಒತ್ತಡ ಡಿಸ್‌ಪ್ಲೇಯ ಕಡೆಗೂ ಫ್ರೇಮಿನ ಕಡೆಗೂ ತಿರುಗಿತು. ಬಿಳಿ ಮಚ್ಚೆ ಬಂದದ್ದು ಗಮ್ ಹಾಕಿದ ನಂತರವೇ. ಸೆಪ್ಟೆಂಬರ್ 19ರ ನಿಮ್ಮ ಜಾಬ್ ಶೀಟ್‌ನಲ್ಲಿ ‘ಬಾಡಿ ಓಕೆ, ಡಿಸ್‌ಪ್ಲೇ ಓಕೆ’ ಎಂದು ನಿಮ್ಮವರೇ ಟಿಕ್ ಹಾಕಿದ್ದಾರೆ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕವರ್ ಕೂರಿಸುವುದು ರಿಪೇರಿಯೇ ಅಲ್ಲ. ಒಳಗಿನ ಸೆಪರೇಟರ್ ಪೊರೆಗೆ ಪೆಟ್ಟಾದರೆ ಶಾರ್ಟ್ ಆಗಿ ಬೆಂಕಿ ಹತ್ತುವ ಕೆಲಸ ಅದು. ಅದನ್ನು ಮಾಡಿದವರ ಮೇಲೆ ವೈಯಕ್ತಿಕವಾಗಿ ಕೋಪವಿಲ್ಲ, ಆದರೆ ಅದರಿಂದ ಆದ ಹಾನಿಯ ಬಿಲ್ಲನ್ನು ಗ್ರಾಹಕರಿಗೆ ಕೊಡುವುದು ನ್ಯಾಯವಲ್ಲ.

ನೀರು ಹೋಗಿರಬಹುದು ಎಂಬ ಮಾತೂ ಕೌಂಟರ್‌ನಲ್ಲಿ ಬಂತು. ಸಿಮ್ ಟ್ರೇ ಜಾಗದೊಳಗಿನ ತೇವಾಂಶ ಸೂಚಕ ಸ್ಟಿಕ್ಕರ್ ಬಿಳಿಯಾಗಿಯೇ ಇದೆ, ನೀರು ತಾಗಿದ್ದರೆ ಕೆಂಪಾಗುತ್ತಿತ್ತು. ಅಂದೇ ತೆಗೆದ ಫೋಟೊ ಲಗತ್ತಿಸಿದೆ.

‘ಲೋಕಲ್ ಚಾರ್ಜರ್ ಬಳಸಿದ್ದೀರಾ’ ಎಂಬ ಪ್ರಶ್ನೆಗೆ ಉತ್ತರ: ಬಾಕ್ಸ್‌ನಲ್ಲಿ ಬಂದ 33 ವ್ಯಾಟ್ ಚಾರ್ಜರ್ ಮತ್ತು ಅದರದೇ ಕೇಬಲ್ ಬಿಟ್ಟು ಬೇರೆ ಬಳಸಿಲ್ಲ, ಎರಡನ್ನೂ ಪರೀಕ್ಷೆಗೆ ಕೊಡುತ್ತೇನೆ. ಅಷ್ಟಕ್ಕೂ ಸೆಲ್‌ಗೆ ಎಷ್ಟು ವೋಲ್ಟೇಜ್ ಸೇರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನೋಡಿಕೊಳ್ಳುವುದು ಫೋನಿನೊಳಗಿನ ಚಾರ್ಜಿಂಗ್ ಐಸಿ. ಅದು ತಪ್ಪಿದರೆ ತಡೆಯಲು ಬ್ಯಾಟರಿಯ ತಲೆಯಲ್ಲೇ ಪ್ರೊಟೆಕ್ಷನ್ ಸರ್ಕ್ಯೂಟ್ ಇರುತ್ತದೆ. ಎರಡೂ ನಿಮ್ಮ ಕಂಪನಿಯ ಭಾಗಗಳೇ.

ಒಂದೇ ಫೋನಿನಲ್ಲಿ ಎರಡು ಬ್ಯಾಟರಿ ಉಬ್ಬಿವೆ. ಮೊದಲನೆಯದು ಎಂಟು ತಿಂಗಳು ಬಾಳಿತು, ಎರಡನೆಯದು ಎರಡು ತಿಂಗಳೂ ಬಾಳಲಿಲ್ಲ. ಹೀಗಿರುವಾಗ ಮೂರನೇ ಬ್ಯಾಟರಿ ಹಾಕಿ ಕಳಿಸಿದರೆ ಅದೂ ಇದೇ ದಾರಿ ಹಿಡಿಯುವ ಸಾಧ್ಯತೆ ಹೆಚ್ಚು. ಲಿಥಿಯಂ ಅಯಾನ್ ಸೆಲ್ ಉಬ್ಬುವುದು ಎಲೆಕ್ಟ್ರೋಲೈಟ್ ಒಡೆದು ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಎಥಿಲೀನ್‌ನಂಥ ಅನಿಲಗಳು ಪೌಚ್‌ನೊಳಗೆ ತುಂಬಿಕೊಂಡಾಗ. ಈ ಪ್ರಕರಣದಲ್ಲಿ ಅದಕ್ಕೆ ಕಾರಣ ಮೂರರಲ್ಲಿ ಒಂದಿರಬೇಕು.

ಒಂದು, ಚಾರ್ಜಿಂಗ್ ಸರ್ಕ್ಯೂಟ್ ದೋಷ. ಬ್ಯಾಟರಿಯ ಮೇಲೆ ಮುದ್ರಿಸಿದ ಚಾರ್ಜ್ ಮಿತಿಯನ್ನು (ಇಂಥ ಸೆಲ್‌ಗಳಲ್ಲಿ ಸುಮಾರು 4.45 ವೋಲ್ಟ್) ಐಸಿ ದಾಟುತ್ತಿದ್ದರೆ, ಅಥವಾ ಉಷ್ಣತೆ ಅಳೆಯುವ ಥರ್ಮಿಸ್ಟರ್ ತಪ್ಪು ಅಂಕಿ ಕೊಟ್ಟು 45 ಡಿಗ್ರಿ ಸೆಲ್ಸಿಯಸ್ ದಾಟಿದರೂ ಚಾರ್ಜ್ ಕಡಿಮೆಯಾಗದಿದ್ದರೆ, ಯಾವ ಬ್ಯಾಟರಿ ಹಾಕಿದರೂ ಹಾಳಾಗುತ್ತದೆ. ಜೂನ್‌ನಲ್ಲಿ ಕೊಟ್ಟ ಬಿಸಿಯ ದೂರು ಇತ್ತಲೇ ಬೆರಳು ತೋರಿಸುತ್ತದೆ, ನನ್ನ ಅನುಮಾನವೂ ಇದರ ಮೇಲೆಯೇ. ಎರಡು, ಹಳೇ ಸ್ಟಾಕಿನ ಬ್ಯಾಟರಿ. ಗೋದಾಮಿನಲ್ಲಿ ಬಹುಕಾಲ ಬಿದ್ದು ವೋಲ್ಟೇಜ್ ತೀರಾ ಇಳಿದ ಸೆಲ್‌ನಲ್ಲಿ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಅಂಥದ್ದನ್ನು ಮತ್ತೆ ಚಾರ್ಜ್ ಮಾಡಿದರೆ ಅನಿಲವೂ ಒಳಗಿನ ಶಾರ್ಟೂ ಗ್ಯಾರಂಟಿ ಅನ್ನುವಷ್ಟು ಹತ್ತಿರ. ಮೂರು, ಜೋಡಿಸುವಾಗಿನ ಪೆಟ್ಟು: ಪುಲ್ ಟ್ಯಾಬ್ ತುಂಡಾಗಿ ಉಳಿದ ಅಂಟಿನ ಗಂಟು, ಕೆಳಗೆ ಸಿಕ್ಕಿಕೊಂಡ ಸ್ಕ್ರೂ, ಕೂರಿಸುವಾಗ ಮಡಚಿದ ಪೌಚ್ ಅಂಚು.

ಇವುಗಳಲ್ಲಿ ಯಾವುದಾದರೂ ಅದು ತಯಾರಿಕೆಯ ದೋಷ ಇಲ್ಲವೇ ಸೇವೆಯ ದೋಷ. ಬಳಕೆದಾರರ ತಪ್ಪು ಯಾವುದರಲ್ಲೂ ಬರುವುದಿಲ್ಲ. ಯಾವುದೆಂದು ತಿಳಿಯಲು ಬೇಕಾದ ಪರೀಕ್ಷೆಗಳು ನಿಮ್ಮ ಬೆಂಚ್‌ನಲ್ಲೇ ಆಗುವಂಥವು. ಉಬ್ಬಿದ ಬ್ಯಾಟರಿಯನ್ನು ಬಿಚ್ಚಿ ಬೇರೆ ಮಾಡಿ, ಒಳ್ಳೆಯ ಬ್ಯಾಟರಿ ಜೋಡಿಸಿ, ಪೂರ್ತಿ ಚಾರ್ಜ್ ಆಗುವಾಗ ಸೆಲ್ ತುದಿಯಲ್ಲಿ ವೋಲ್ಟೇಜ್ ಎಲ್ಲಿ ನಿಲ್ಲುತ್ತದೆ ಎಂದು ಅಳೆಯಬೇಕು. ಥರ್ಮಿಸ್ಟರ್ ತೋರಿಸುವ ಅಂಕಿಯನ್ನು ಹೊರಗಿನ ಉಷ್ಣಮಾಪಕದ ಅಂಕಿಯೊಂದಿಗೆ ಹೋಲಿಸಬೇಕು. ಫೋನ್ ಆಫ್ ಇರುವಾಗ ಎಳೆಯುವ ಕರೆಂಟ್ ನೋಡಬೇಕು. ಈ ಮೂರೂ ಅಂಕಿಗಳನ್ನು ಬರಹದಲ್ಲಿ ಕೊಡಿ. ಬಿಚ್ಚುವಾಗ ನಾನು ಎದುರಿಗಿರಲು ಬಯಸುತ್ತೇನೆ. ಫೋಟೊಗಳನ್ನು ಅಲ್ಲೇ ತೆಗೆಯಬೇಕು. ಫೋನ್ ಪಾಸ್‌ವರ್ಡ್ ಕೊಡುವುದಿಲ್ಲ, ಇದಕ್ಕೆ ಅದರ ಅಗತ್ಯವೂ ಇಲ್ಲ.

ಜುಲೈ 26ರ ಜಾಬ್ ಶೀಟ್‌ನಲ್ಲಿ ಹಾಕಿದ ಬ್ಯಾಟರಿಯ ಪಾರ್ಟ್ ನಂಬರ್ ಇಲ್ಲ, ತಯಾರಾದ ತಿಂಗಳಿಲ್ಲ, ಬ್ಯಾಚ್ ಇಲ್ಲ. ಕೇಳಿದರೆ ‘ಸಿಸ್ಟಂನಲ್ಲಿ ಇರುತ್ತೆ ಸರ್’ ಎಂಬ ಉತ್ತರ. ಸಿಸ್ಟಂನಲ್ಲಿದ್ದರೆ ಪ್ರಿಂಟ್ ಕೊಡಬಹುದು. ಲಿಥಿಯಂ ಸೆಲ್‌ಗಳಿಗೆ ಐಎಸ್ 16046 ಪ್ರಕಾರ ಬಿಐಎಸ್ ನೋಂದಣಿ ಕಡ್ಡಾಯ, ಆ ನೋಂದಣಿ ಸಂಖ್ಯೆ ಬ್ಯಾಟರಿಯ ಲೇಬಲ್ ಮೇಲಿರಬೇಕು. ಬಿಚ್ಚಿದಾಗ ಅದರ ಫೋಟೊ ಬೇಕು. ಅಂದು ತೆಗೆದ ಹಳೇ ಬ್ಯಾಟರಿಯನ್ನು ಏನು ಮಾಡಿದಿರೆಂಬ ದಾಖಲೆಯೂ ಇಲ್ಲ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಇರುವಾಗ ಅದು ಕಸದ ಬುಟ್ಟಿಗೆ ಹೋಗಿರಲಿಕ್ಕಿಲ್ಲ ಎಂದು ನಂಬಿದ್ದೇನೆ.

ನನ್ನ ಬೇಡಿಕೆಗಳು:

ಅಕ್ಟೋಬರ್ 13ರ ‘ಫಿಸಿಕಲ್ ಡ್ಯಾಮೇಜ್’ ಷರಾ ಮತ್ತು ₹9,840ರ ಎಸ್ಟಿಮೇಟ್ ರದ್ದಾಗಬೇಕು. ಇದೇ ಮಾದರಿಯ ಅಥವಾ ಅದಕ್ಕಿಂತ ಕಡಿಮೆಯಲ್ಲದ ಹೊಸ ಫೋನ್, ಅದರ ಪೂರ್ಣ 12 ತಿಂಗಳ ವಾರಂಟಿಯೊಂದಿಗೆ ಕೊಡಬೇಕು. ರಿಫರ್ಬಿಶ್ ಮಾಡಿದ್ದು ಬೇಡ. ಅದಾಗದಿದ್ದರೆ ₹23,499 ವಾಪಸು ಮಾಡಬೇಕು. ಇತ್ಯರ್ಥವಾಗುವವರೆಗೆ ಒಂದು ಸ್ಟ್ಯಾಂಡ್‌ಬೈ ಫೋನ್ ಬೇಕು. ಬ್ಯಾಂಕಿನ ಓಟಿಪಿಯಿಂದ ಹಿಡಿದು ಮೆಟ್ರೊ ಟಿಕೆಟ್‌ವರೆಗೆ ಎಲ್ಲವೂ ಫೋನಿನಲ್ಲೇ ನಡೆಯುವಾಗ ಇದು ದೊಡ್ಡ ಕೋರಿಕೆಯಲ್ಲ. ದೀಪಾವಳಿ ಮುಗಿಯಲಿ, ಸ್ಟಾಕ್ ಬರಲಿ ಎಂಬ ಉತ್ತರ ದಯವಿಟ್ಟು ಬೇಡ. ಮೊದಲ ದೂರು ಜೂನ್‌ನಲ್ಲೇ ದಾಖಲಾಗಿರುವುದರಿಂದ, ನವೆಂಬರ್ 17 ದಾಟಿತೆಂದು ವಾರಂಟಿ ಮುಗಿದುಹೋಯಿತು ಎನ್ನುವಂತೆಯೂ ಇಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 35ರಡಿ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕಲಂ 34ರ ಪ್ರಕಾರ ಗ್ರಾಹಕರು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಇಷ್ಟು ಬೆಲೆಯ ವಸ್ತುವಿಗೆ ಶುಲ್ಕವೂ ಇಲ್ಲ. ಕಲಂ 2(11) ಸೇವಾ ನ್ಯೂನತೆಯಲ್ಲಿ ಗ್ರಾಹಕರಿಗೆ ಸಂಬಂಧಿಸಿದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದನ್ನೂ ಸೇರಿಸಿದೆ. ಪಾರ್ಟ್ ನಂಬರ್ ವಿಷಯದಲ್ಲಿ ಇದನ್ನು ಗಮನಿಸಿ. ಕಲಂ 38ರಡಿ ಫೋನನ್ನು ಪ್ರಯೋಗಾಲಯಕ್ಕೆ ಕಳಿಸುವಂತೆಯೂ ಕೋರುತ್ತೇನೆ. ಆದ್ದರಿಂದ ಫೋನು ನಿಮ್ಮ ವಶಕ್ಕೆ ಬಂದ ಮೇಲೆ ಉಬ್ಬಿದ ಬ್ಯಾಟರಿಯನ್ನು ನನ್ನ ಲಿಖಿತ ಒಪ್ಪಿಗೆಯಿಲ್ಲದೆ ವಿಲೇವಾರಿ ಮಾಡಬಾರದು.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಎನ್. ಸುಧೀಂದ್ರ

ಲಗತ್ತು: ಖರೀದಿ ಬಿಲ್ ಮತ್ತು ವಾರಂಟಿ ಕಾರ್ಡ್ ಪ್ರತಿ, ನಾಲ್ಕೂ ಜಾಬ್ ಶೀಟ್‌ಗಳ ಪ್ರತಿ, 13-10-2025ರ ಎಸ್ಟಿಮೇಟ್, ನಾಲ್ಕು ಮೂಲೆ, ಎದ್ದ ಕವರ್, ಬಿಳಿ ಮಚ್ಚೆ, ವರ್ನಿಯರ್ ಅಳತೆ ಮತ್ತು ತೇವಾಂಶ ಸೂಚಕದ ಫೋಟೊಗಳು, `*#06#` ಒತ್ತಿದಾಗ ಬರುವ ಐಎಂಇಐ ಪರದೆಯ ಸ್ಕ್ರೀನ್‌ಶಾಟ್ (ಫೋನ್ ಆಫ್ ಮಾಡುವ ಮುನ್ನ ತೆಗೆದದ್ದು).